ಎದುರಾಳಿ ನಕಲು ಮಾಡಿದಾಗ ಮೊದಲು ಏನು ಬದಲಿಸಬೇಕು, ಏನು ಬದಲಿಸಬಾರದು: ಸಣ್ಣ ಬ್ರ್ಯಾಂಡ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಸಣ್ಣ ಬ್ರ್ಯಾಂಡ್ ನಡೆಸುವವರು ಇಲ್ಲಿ ಮತ್ತೆ ಮತ್ತೆ ಎಡವುವುದು ಒಂದೇ ಜಾಗದಲ್ಲಿ. ದೊಡ್ಡ ಎದುರಾಳಿಯೊಬ್ಬ ತಮ್ಮದೇ ಬಣ್ಣ, ತಮ್ಮದೇ ಧಾಟಿ, ತಮ್ಮದೇ ಕ್ಯಾಂಪೇನ್ ಎತ್ತಿಕೊಂಡಿದ್ದು ಕಂಡ ಕೂಡಲೇ ಡಿಸೈನರನ್ನು ಕರೆದು 'ಎಲ್ಲವನ್ನೂ ಹೊಸದು ಮಾಡು' ಎನ್ನುತ್ತಾರೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುವುದು ಗೊತ್ತಿರುವ ಮಾತು. ಇಲ್ಲಿ ಹಾವು ಒಳಗೆ ಬರುವ ಮೊದಲೇ ಗೆದ್ದಲು ಗಂಟುಮೂಟೆ ಕಟ್ಟಿರುತ್ತದೆ. ನೀವು ಬಿಟ್ಟುಹೋದ ಶೈಲಿ ಎದುರಾಳಿಯದ್ದೇ ಆಗುತ್ತದೆ, ನಿಮ್ಮ ಹೊಸ ಶೈಲಿಯನ್ನು ಗಿರಾಕಿ ಗುರುತಿಸುವುದಿಲ್ಲ, ಅದು ಗುರುತಾಗುವ ಹೊತ್ತಿಗೆ ಅದರ ನಕಲೂ ಬಂದಿರುತ್ತದೆ.

ಆದ್ದರಿಂದ ಇಲ್ಲಿ ಮುಖ್ಯವಾದದ್ದು ಕ್ರಮ. ಮೊದಲು ಅಳತೆ, ಆಮೇಲೆ ಉಳಿಸಿಕೊಳ್ಳುವ ಕೆಲಸ, ಕೊನೆಗೆ ಬದಲಾವಣೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬೆನ್ನಿಗೆ ಹಾಕುವ ಚೀಲ ಹೊಲಿಯುವ ಆರು ಜನರ ಬ್ರ್ಯಾಂಡ್ ಒಂದಿದೆ. ಪ್ರತಿ ಸೋಮವಾರ 'ಈ ವಾರ ಹರಿದದ್ದು' ಎಂಬ ಸರಣಿಯಲ್ಲಿ, ರಿಪೇರಿಗೆ ಬಂದ ಒಂದು ಚೀಲದ ವಿಡಿಯೊ ಹಾಕುತ್ತಾರೆ. ಕಂದು ಕಾಗದದ ಹಿನ್ನೆಲೆ, ಹಳದಿ ಕೈಬರಹ, ಶುರುವಿನಲ್ಲಿ ಸೂಜಿ ಬಟ್ಟೆ ಚುಚ್ಚುವ ಹತ್ತಿರದ ದೃಶ್ಯ ಮತ್ತು ಅದರ ಸದ್ದು. ವರ್ಷಕ್ಕೊಮ್ಮೆ 'ಹಳೆಯ ಚೀಲ ಕಳಿಸಿ' ಎಂಬ ಕ್ಯಾಂಪೇನ್. ಜಾಹೀರಾತಿಗೆ ಹತ್ತು ಪಟ್ಟು ಹೆಚ್ಚು ಸುರಿಯಬಲ್ಲ ಎದುರಾಳಿ ಕಂದು ಕಾಗದ, ಹಳದಿ ಕೈಬರಹ ಮತ್ತು ಹಳೆಯ ಚೀಲದ ಕ್ಯಾಂಪೇನ್ ಮೂರನ್ನೂ ಎತ್ತಿಕೊಂಡಿದ್ದಾನೆ. ಮುಂದಿನ ಲೆಕ್ಕಗಳೆಲ್ಲ ಈ ಕಲ್ಪಿತ ಬ್ರ್ಯಾಂಡಿನವು.

## ಬೇಕಾಗುವ ಸಲಕರಣೆ

ಒಂದು ಸ್ಪ್ರೆಡ್‌ಶೀಟ್, ಮೂಲ ಫೈಲುಗಳಿರುವ ಫೋಲ್ಡರ್, ಎದುರಾಳಿಯ ಜಾಹೀರಾತು ನೋಡಲು ಮೆಟಾದ ಆ್ಯಡ್ ಲೈಬ್ರರಿ, ವೆಬ್ ಪುಟಗಳ ಹಳೆಯ ರೂಪ ಉಳಿಸಲು web.archive.org, ನಿಮ್ಮ ಹೆಸರನ್ನು ಎಷ್ಟು ಜನ ಹುಡುಕುತ್ತಾರೆಂದು ತಿಳಿಯಲು ಗೂಗಲ್ ಸರ್ಚ್ ಕನ್ಸೋಲ್. ಇದರ ಜೊತೆಗೆ, ನಿಮ್ಮನ್ನು ಫಾಲೋ ಮಾಡದ, ಆದರೆ ಇಂಥ ವಸ್ತು ಕೊಳ್ಳುವ ನಲವತ್ತು ಜನ. ಸಿಗುವುದು ಕಷ್ಟವಾಗುವುದು ಈ ಕೊನೆಯದ್ದೇ.

## ಹಂತ 1: ಎರಡು ವಾರ ದಾಖಲೆ ಮಾಡಿ, ಬಾಯಿ ಬಿಡಬೇಡಿ

ಸ್ಪ್ರೆಡ್‌ಶೀಟಿನಲ್ಲಿ ನಾಲ್ಕು ಕಾಲಂ ಸಾಕು: ನಿಮ್ಮದು ಮೊದಲು ಪ್ರಕಟವಾದ ದಿನ, ಅವರದ್ದು ಬಂದ ದಿನ, ಏನು ಹೊಂದುತ್ತದೆ, ಸ್ಕ್ರೀನ್‌ಶಾಟ್ ಎಲ್ಲಿದೆ. ಆ್ಯಡ್ ಲೈಬ್ರರಿಯಲ್ಲಿ ಪ್ರತಿ ಜಾಹೀರಾತಿನ ಜೊತೆ ಅದು ಶುರುವಾದ ದಿನಾಂಕವೂ ಸಿಗುತ್ತದೆ. ಸಾಮಾನ್ಯ ಜಾಹೀರಾತು ನಿಂತ ಮೇಲೆ ಅಲ್ಲಿಂದ ಮಾಯವಾಗಬಹುದು, ಹಾಗಾಗಿ ಕಂಡ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಈ ಎರಡು ವಾರದಲ್ಲಿ ಕೆಲವೊಮ್ಮೆ ಬೇರೆಯೇ ಸತ್ಯ ಹೊರಬೀಳುತ್ತದೆ. ನೀವಿಬ್ಬರೂ ಮೂರನೆಯವರಿಂದ ಕಲಿತಿರಬಹುದು. ಕಂದು ಕಾಗದದ ಮೇಲೆ ಕೈಬರಹ ಎಂಬುದು ನಿಮಗಿಂತ ಮುಂಚೆ ಹತ್ತು ಕಡೆ ಇದ್ದರೆ ಅದು ನಿಮ್ಮ ಆಸ್ತಿ ಆಗಿರಲೇ ಇಲ್ಲ. ಇದನ್ನು ಒಪ್ಪಿಕೊಳ್ಳುವುದು ಕಹಿಯೇ, ಆದರೆ ಆಮೇಲಿನ ಎಷ್ಟೋ ಖರ್ಚು ಉಳಿಯುತ್ತದೆ.

ಸಾಮಾನ್ಯ ತಪ್ಪು: ಎರಡೂ ಪೋಸ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು 'ನೋಡಿ, ನಮ್ಮದನ್ನು ಕದ್ದಿದ್ದಾರೆ' ಎಂದು ಸಾರ್ವಜನಿಕವಾಗಿ ಹಾಕುವುದು. ನಿಮ್ಮ ಅಭಿಮಾನಿಗಳಿಂದ ಒಂದು ದಿನದ ಸಹಾನುಭೂತಿ ಸಿಗುತ್ತದೆ, ಎದುರಾಳಿಯ ಹೆಸರು ಗೊತ್ತಿಲ್ಲದವರಿಗೂ ನೀವೇ ಪರಿಚಯ ಮಾಡಿಸಿದ ಹಾಗಾಗುತ್ತದೆ. ಸ್ನ್ಯಾಪ್‌ಚಾಟ್ 2013ರಲ್ಲಿ ತಂದ ಸ್ಟೋರೀಸ್ ಅನ್ನು ಇನ್‌ಸ್ಟಾಗ್ರಾಂ 2016ರ ಆಗಸ್ಟ್‌ನಲ್ಲಿ ಅದೇ ಹೆಸರಿನಲ್ಲೇ ತಂದಿತು. ಇದರ ಶ್ರೇಯ ಸ್ನ್ಯಾಪ್‌ಚಾಟ್‌ಗೇ ಸಲ್ಲಬೇಕೆಂದು ಇನ್‌ಸ್ಟಾಗ್ರಾಂನ ಮುಖ್ಯಸ್ಥರು ಬಹಿರಂಗವಾಗಿಯೇ ಹೇಳಿದರು. ಅಷ್ಟಾದರೂ ಜನ ಅಲ್ಲಿ ಸ್ಟೋರಿ ಹಾಕುವುದನ್ನು ನಿಲ್ಲಿಸಲಿಲ್ಲ. ಯಾರು ಮೊದಲು ಎಂಬ ಪ್ರಶ್ನೆ ನಮ್ಮ ನಿದ್ದೆ ಕೆಡಿಸುವಷ್ಟು ಗಿರಾಕಿಯ ನಿದ್ದೆ ಕೆಡಿಸುವುದಿಲ್ಲ.

## ಹಂತ 2: ಕಳವು, ಗೊಂದಲ, ಅನುಕರಣೆ ಎಂದು ಬೇರ್ಪಡಿಸಿ

ದಾಖಲೆಯ ಪ್ರತಿ ಸಾಲನ್ನೂ ಈ ಮೂರರಲ್ಲಿ ಒಂದಕ್ಕೆ ಸೇರಿಸಿ, ಏಕೆಂದರೆ ಮೂರಕ್ಕೂ ದಾರಿ ಬೇರೆ.

ನಿಮ್ಮ ಫೋಟೊ, ವಿಡಿಯೊ ತುಣುಕು ಅಥವಾ ಬರಹವನ್ನು ಹಾಗೆಯೇ ಎತ್ತಿದ್ದರೆ ಅದು ಕಳವು. ಪ್ಲಾಟ್‌ಫಾರಂನಲ್ಲೇ ಕಾಪಿರೈಟ್ ದೂರಿನ ಫಾರಂ ಇರುತ್ತದೆ. ಮೂಲ ಫೈಲು ಮತ್ತು ದಿನಾಂಕ ಇಟ್ಟು ದೂರು ಕೊಡಿ, ಸಾಮಾನ್ಯವಾಗಿ ಕೆಲಸ ಆಗುತ್ತದೆ. ಅಮೆರಿಕದ 1998ರ ಡಿಎಂಸಿಎ ಎಂಬ ಡಿಜಿಟಲ್ ಕಾಪಿರೈಟ್ ಕಾಯಿದೆಯ ದಾರಿಯಲ್ಲಿ ಹೋದರೆ ಒಂದು ಮಾತು ನೆನಪಿರಲಿ. ಎದುರಾಳಿ ಪ್ರತಿ-ನೋಟಿಸ್ ಕೊಟ್ಟು, ನೀವು ಕೋರ್ಟಿಗೆ ಹೋಗದಿದ್ದರೆ, 10ರಿಂದ 14 ಕೆಲಸದ ದಿನಗಳಲ್ಲಿ ಆ ಪೋಸ್ಟ್ ವಾಪಸ್ ಬರುತ್ತದೆ.

ಹೆಸರು, ಲೋಗೊ ಅಥವಾ ಪ್ಯಾಕಿಂಗ್ ನೋಡಿ ಗಿರಾಕಿ ನಿಜವಾಗಿಯೂ ಅವರನ್ನು ನೀವೆಂದು ತಿಳಿದುಕೊಳ್ಳುತ್ತಿದ್ದರೆ ಅದು ಗೊಂದಲ. ಇದು ಟ್ರೇಡ್‌ಮಾರ್ಕ್ ವಕೀಲರ ಕೆಲಸ. ತಪ್ಪಾಗಿ ನಿಮಗೆ ಬಂದ ಗಿರಾಕಿಗಳ ಮೆಸೇಜುಗಳೇ ಇಲ್ಲಿ ಒಳ್ಳೆಯ ಪುರಾವೆ. ಒಂದನ್ನೂ ಅಳಿಸಬೇಡಿ.

ಉಳಿದದ್ದೆಲ್ಲ ಅನುಕರಣೆ: ಧಾಟಿ, ಸರಣಿಯ ರೂಪ, ಕ್ಯಾಂಪೇನಿನ ಐಡಿಯಾ. ಸಾಮಾನ್ಯವಾಗಿ ದಾಖಲೆಯ ಬಹುಪಾಲು ಸಾಲುಗಳು ಇಲ್ಲಿಗೇ ಬಂದು ಬೀಳುತ್ತವೆ, ಮತ್ತು ಇಲ್ಲಿ ಕಾನೂನು ಕೈ ಹಿಡಿಯುವುದು ಅಪರೂಪ. ಬೌದ್ಧಿಕ ಆಸ್ತಿ ಕುರಿತ, ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 9(2)ನೇ ವಿಧಿ ಇದನ್ನು ನೇರವಾಗಿಯೇ ಹೇಳುತ್ತದೆ. ಕಾಪಿರೈಟ್ ರಕ್ಷಣೆ ಇರುವುದು ಅಭಿವ್ಯಕ್ತಿಗೆ, ಐಡಿಯಾ ಅಥವಾ ವಿಧಾನಕ್ಕೆ ಅಲ್ಲ. 'ಹಳೆಯ ಚೀಲ ಕಳಿಸಿ' ಎಂಬ ಯೋಚನೆಗೆ ಬೇಲಿ ಹಾಕಲು ಬರುವುದಿಲ್ಲ. ಮುಂದಿನ ಹಂತಗಳೆಲ್ಲ ಈ ಮೂರನೆಯ ಗುಂಪಿಗಾಗಿ.

## ಹಂತ 3: ಹೆಸರು ಮುಚ್ಚಿ ಪರೀಕ್ಷೆ ಮಾಡಿ

ನಕಲಿನಿಂದ ನಿಮಗೆ ಎಷ್ಟು ಏಟು ಬಿದ್ದಿದೆ ಎಂಬುದನ್ನು ನೀವೇ ಊಹಿಸಲಾರಿರಿ. ದಿನವೂ ನೋಡುವ ನಿಮ್ಮ ಕಣ್ಣಿಗೆ ಎಲ್ಲವೂ ನಿಮ್ಮದಾಗಿಯೇ ಕಾಣುತ್ತದೆ. ಆದ್ದರಿಂದ ಬೇರೆಯವರನ್ನು ಕೇಳಬೇಕು.

ನಿಮ್ಮ ಶೈಲಿಯನ್ನು ಬಿಡಿಬಿಡಿ ಕುರುಹುಗಳಾಗಿ ಒಡೆಯಿರಿ. ನಮ್ಮ ಉದಾಹರಣೆಯಲ್ಲಿ ನಾಲ್ಕು: ಕಂದು ಕಾಗದ ಮತ್ತು ಹಳದಿ ಕೈಬರಹ, ಸೂಜಿಯ ದೃಶ್ಯ ಮತ್ತು ಸದ್ದು, 'ಈ ವಾರ ಹರಿದದ್ದು' ಎಂಬ ಶೀರ್ಷಿಕೆ, ಹಳೆಯ ಚೀಲದ ಕ್ಯಾಂಪೇನ್. ಒಂದೊಂದನ್ನೂ ಹೆಸರು, ಲೋಗೊ ಇಲ್ಲದಂತೆ ಪ್ರತ್ಯೇಕವಾಗಿ ತೋರಿಸಿ, ಒಂದೇ ಪ್ರಶ್ನೆ ಕೇಳಿ: 'ಇದನ್ನು ನೋಡಿದರೆ ಯಾವ ಬ್ರ್ಯಾಂಡ್ ನೆನಪಾಗುತ್ತದೆ?' ಆಯ್ಕೆಗಳ ಪಟ್ಟಿ ಕೊಡಬೇಡಿ, 'ನಮ್ಮದು ಅನ್ನಿಸುತ್ತದೆಯೇ' ಎಂದು ಎಳೆಯಬೇಡಿ. 'ಗೊತ್ತಿಲ್ಲ' ಎಂಬುದೂ ಉತ್ತರವೇ. ಕೇಳುತ್ತಿರುವವರು ನೀವೆಂದು ಅವರಿಗೆ ಗೊತ್ತಾಗದಿರುವುದು ಮೇಲು.

ಪ್ರತಿ ಕುರುಹಿಗೂ ಎರಡು ಸಂಖ್ಯೆ ತೆಗೆಯಿರಿ. ಒಟ್ಟು ಜನರಲ್ಲಿ ಎಷ್ಟು ಮಂದಿ ನಿಮ್ಮ ಹೆಸರು ಹೇಳಿದರು ಎಂಬುದು ಪರಿಚಿತತೆ. ಯಾವುದಾದರೂ ಬ್ರ್ಯಾಂಡಿನ ಹೆಸರು ಹೇಳಿದವರಲ್ಲಿ ಎಷ್ಟು ಪಾಲು ನಿಮ್ಮದು ಎಂಬುದು ಅನನ್ಯತೆ. ಹೀಗೆ ಎರಡಾಗಿ ಅಳೆಯುವ ಪದ್ಧತಿಯನ್ನು ಬೆಳೆಸಿದವರು ಆಸ್ಟ್ರೇಲಿಯಾದ ಎರೆನ್‌ಬರ್ಗ್-ಬ್ಯಾಸ್ ಸಂಸ್ಥೆಯ ಜೆನ್ನಿ ರೊಮಾನಿಯಕ್.

ನಮ್ಮ ಚೀಲದವರ ನಲವತ್ತು ಜನರ ಫಲಿತಾಂಶ ಹೀಗಿತ್ತು ಎಂದುಕೊಳ್ಳಿ:

| ಕುರುಹು | ಯಾವುದಾದರೂ ಹೆಸರು ಹೇಳಿದವರು | ನಮ್ಮ ಹೆಸರು ಹೇಳಿದವರು | ಅನನ್ಯತೆ |
|---|---|---|---|
| ಕಂದು ಕಾಗದ, ಹಳದಿ ಕೈಬರಹ | 24 | 9 | ಶೇ 38 |
| ಸೂಜಿಯ ದೃಶ್ಯ, ಸದ್ದು | 16 | 13 | ಶೇ 81 |
| 'ಈ ವಾರ ಹರಿದದ್ದು' | 12 | 11 | ಶೇ 92 |
| ಹಳೆಯ ಚೀಲದ ಕ್ಯಾಂಪೇನ್ | 18 | 5 | ಶೇ 28 |

ಈ ಕೋಷ್ಟಕ ಹೇಳುವ ಕಥೆ ಮಾಲೀಕರು ಅಂದುಕೊಂಡದ್ದಕ್ಕಿಂತ ಬೇರೆ. 'ನಮ್ಮ ಮುಖವೇ ಅದು' ಎಂದು ಅವರು ನಂಬಿದ್ದ ಹಳದಿ ಕೈಬರಹ ಎದುರಾಳಿಯ ಕಡೆ ವಾಲಿದೆ. ಯಾರೂ ಲೆಕ್ಕಕ್ಕಿಟ್ಟಿರದ ಸೂಜಿಯ ಸದ್ದು ಗಟ್ಟಿಯಾಗಿ ನಿಂತಿದೆ.

ಇದರ ಮಿತಿಯೂ ಗೊತ್ತಿರಲಿ. ನಲವತ್ತು ಜನರ ಉತ್ತರದಲ್ಲಿ ಪರಿಚಿತತೆಯ ಸಂಖ್ಯೆ ಹದಿನೈದು ಶೇಕಡಾ ಅಂಶಗಳಷ್ಟು ಅತ್ತಿತ್ತ ಆಗಬಹುದು. ಅನನ್ಯತೆ ಇನ್ನೂ ಕಡಿಮೆ ಜನರ ಮೇಲೆ ನಿಂತಿರುವುದರಿಂದ ಇನ್ನೂ ಅಲುಗಾಡುತ್ತದೆ. ಶೇ 81ಕ್ಕೂ 92ಕ್ಕೂ ನಡುವಿನ ವ್ಯತ್ಯಾಸ ಲೆಕ್ಕಕ್ಕಿಲ್ಲ. ಶೇ 38 ಎಲ್ಲಿ, 81 ಎಲ್ಲಿ ಎಂಬಂಥ ದೊಡ್ಡ ಅಂತರವನ್ನು ಮಾತ್ರ ನಂಬಿ.

ಸಾಮಾನ್ಯ ತಪ್ಪು: ಫಾಲೋವರ್‌ಗಳನ್ನೇ ಕೇಳುವುದು. ಅವರು ಎಲ್ಲವನ್ನೂ ನಿಮ್ಮದೇ ಎನ್ನುತ್ತಾರೆ, ನೀವು ಸಮಾಧಾನದಿಂದ ಮಲಗುತ್ತೀರಿ.

## ಹಂತ 4: ಹಿಡಿದುಕೊಳ್ಳಬೇಕಾದದ್ದನ್ನು ಹೆಸರಿಗೆ ಕಟ್ಟಿ

ಅನನ್ಯತೆ ಅರ್ಧಕ್ಕಿಂತ ಬಹಳ ಮೇಲಿರುವ ಒಂದೆರಡು ಕುರುಹುಗಳನ್ನು ಆರಿಸಿ, ಕನಿಷ್ಠ ಒಂದು ವರ್ಷ ಮುಟ್ಟುವುದಿಲ್ಲ ಎಂದು ಬರೆದಿಡಿ. ನಿಮಗೆ ಬೇಸರ ಬರುತ್ತದೆ, ಡಿಸೈನರಿಗೆ ಅದಕ್ಕಿಂತ ಮೊದಲು ಬರುತ್ತದೆ. ಗಿರಾಕಿ ಅದನ್ನು ತಿಂಗಳಿಗೆ ಎರಡು ಸಲ ನೋಡುತ್ತಾನೋ ಇಲ್ಲವೋ, ಅವನಿಗೆ ಬೇಸರವಾಗುವಷ್ಟು ಅದು ಕಂಡಿರುವುದೇ ಇಲ್ಲ.

ಆಮೇಲೆ ಆ ಕುರುಹಿನ ಜೊತೆಯಲ್ಲೇ ಹೆಸರು ಬರುವಂತೆ ಮಾಡಿ. ಸಣ್ಣ ಬ್ರ್ಯಾಂಡುಗಳು ಸೋಲುವ ಸೂಕ್ಷ್ಮ ಜಾಗ ಇದು. ಹೆಸರು ವಿಡಿಯೊದ ಕೊನೆಯಲ್ಲಿ ಬಂದರೆ, ಅರ್ಧಕ್ಕೇ ಮುಂದೆ ಹೋದ ನೋಡುಗ ಆ ವಿಡಿಯೊವನ್ನು ತನಗೆ ಮೊದಲೇ ಗೊತ್ತಿರುವ ದೊಡ್ಡ ಹೆಸರಿನ ಖಾತೆಗೆ ಬರೆದುಕೊಳ್ಳುತ್ತಾನೆ. ಅಂದರೆ ನಿಮ್ಮ ವಿಡಿಯೊ ಚೆನ್ನಾಗಿ ಓಡಿದಷ್ಟೂ ಎದುರಾಳಿಗೆ ಲಾಭ. ನಮ್ಮ ಚೀಲದವರು ಮಾಡಿದ ಬದಲಾವಣೆ ಸಣ್ಣದು. ಸೂಜಿ ಚುಚ್ಚುವ ಮೊದಲ ದೃಶ್ಯದಲ್ಲೇ, ಹೊಲಿಗೆಯ ಪಕ್ಕದಲ್ಲಿ ಬ್ರ್ಯಾಂಡಿನ ಹೆಸರಿನ ಲೇಬಲ್ ಕಾಣುವಂತೆ ಕ್ಯಾಮೆರಾ ಇಟ್ಟರು. ಮೊದಲ ಮೂರು ಸೆಕೆಂಡಿನೊಳಗೆ ಸದ್ದು, ಸೂಜಿ, ಹೆಸರು ಮೂರೂ ಒಟ್ಟಿಗೆ.

ಸೋತ ಕುರುಹುಗಳನ್ನು ಒಂದೇ ದಿನ ಕಿತ್ತೆಸೆಯಬೇಡಿ. ಕಂದು ಕಾಗದ ಉಳಿಯಲಿ, ಅದರ ಮೇಲೆ ಹೊಸದಾಗಿ ದುಡ್ಡು, ಸಮಯ ಸುರಿಯುವುದು ನಿಲ್ಲಲಿ. ಎರಡು ಮೂರು ತಿಂಗಳಲ್ಲಿ ಅದು ತಾನಾಗಿ ಹಿಂದೆ ಸರಿಯುತ್ತದೆ.

## ಹಂತ 5: ವಿಷಯ ಹುಟ್ಟುವ ಜಾಗವನ್ನು ಬದಲಿಸಿ

ಇಲ್ಲಿಂದ ಬದಲಾವಣೆ ಶುರು. ಬದಲಾಗಬೇಕಾದದ್ದು ಪೋಸ್ಟಿನ ರೂಪವಲ್ಲ, ಅದರ ವಿಷಯ ಎಲ್ಲಿಂದ ಬರುತ್ತದೆ ಎಂಬುದು.

ಮುಂದಿನ ತಿಂಗಳಿಗೆ ಯೋಚಿಸಿಟ್ಟಿರುವ ಪ್ರತಿ ಪೋಸ್ಟಿನ ಎದುರು ಈ ಪ್ರಶ್ನೆ ಬರೆಯಿರಿ: ಇದನ್ನು ನಕಲು ಮಾಡಲು ಎದುರಾಳಿ ಏನು ಮಾಡಬೇಕಾಗುತ್ತದೆ? 'ಒಬ್ಬ ಡಿಸೈನರ್ ಸಾಕು' ಎಂಬ ಉತ್ತರ ಬಂದರೆ ಅದು ಒಂದು ವಾರ ಬಾಳುತ್ತದೆ. 'ದುಡ್ಡು ಸಾಕು' ಎಂದರೆ ಒಂದು ತಿಂಗಳು. 'ಕೆಲಸ ಮಾಡುವ ರೀತಿಯನ್ನೇ ಬದಲಿಸಬೇಕು' ಅಥವಾ 'ತನ್ನ ಮಾಲಿನ ದೋಷವನ್ನು ತಾನೇ ಒಪ್ಪಿಕೊಳ್ಳಬೇಕು' ಎಂಬ ಉತ್ತರ ಬಂದಾಗ ಮಾತ್ರ ನಿಮ್ಮ ಕೈಯಲ್ಲಿ ಏನೋ ಇದೆ.

ಚೀಲದವರ ಬಳಿ ಅಂಥದ್ದು ಇತ್ತು, ಅವರೇ ಅದನ್ನು ಗಮನಿಸಿರಲಿಲ್ಲ. ರಿಪೇರಿಗೆ ಬಂದ ಚೀಲಗಳ ವಿವರವನ್ನು ಹೊಲಿಯುವವರೊಬ್ಬರು ನೋಟ್‌ಬುಕ್ಕಿನಲ್ಲಿ ಗೀಚಿಡುತ್ತಿದ್ದರು. ಅದನ್ನು ಐದು ಕಾಲಂಗಳ ದಾಖಲೆಯಾಗಿ ಮಾಡಿದರು: ಚೀಲದ ಸಂಖ್ಯೆ, ಎಷ್ಟು ತಿಂಗಳು ಬಳಸಿದ್ದು, ಎಲ್ಲಿ ಕೆಟ್ಟಿತು, ಕಾರಣ ಏನು, ಅದರಿಂದ ಹೊಸ ಚೀಲದಲ್ಲಿ ಏನು ಬದಲಾಯಿತು. ಅರವತ್ತು ನಮೂದುಗಳಾದಾಗ ಇಪ್ಪತ್ತೆರಡು ಚೀಲಗಳು ಒಂದೇ ಜಾಗದಲ್ಲಿ ಸೋತಿದ್ದವು. ಭುಜಪಟ್ಟಿ ಬೆನ್ನಿನ ಬಟ್ಟೆಗೆ ಸೇರುವ ಬುಡ ಅದು. ಚೀಲದ ಭಾರವೆಲ್ಲ ಆ ಒಂದು ಹೊಲಿಗೆಯ ಸಾಲಿನ ಮೇಲೆ ಜಗ್ಗುವುದರಿಂದ ದಾರ ತುಂಡಾಗುವ ಮೊದಲು ಸುತ್ತಲಿನ ಬಟ್ಟೆ ಹರಿಯುತ್ತಿತ್ತು. ಒಳಗಿನಿಂದ ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲಿಗೆಯನ್ನು ಅಗಲಕ್ಕೆ ಹರಡಿದರು.

ಇನ್ನೊಂದು ನಮೂದು ಜಿಪ್ಪಿನದು. ಜಿಪ್ ಎಳೆದ ಮೇಲೂ ಹಿಂದೆ ಬಾಯಿ ಬಿಡುತ್ತಿದ್ದರೆ ಜನ ಹಲ್ಲು ಹೋಯಿತೆಂದು ಇಡೀ ಚೀಲವನ್ನೇ ಎಸೆಯುತ್ತಾರೆ. ಎಷ್ಟೋ ಸಲ ಸವೆದಿರುವುದು ಮೇಲೆ ಓಡುವ ಸ್ಲೈಡರ್ ಮಾತ್ರ, ಅದೊಂದನ್ನು ಬದಲಿಸಿದರೆ ಮುಗಿಯಿತು.

ಈಗ ಪೋಸ್ಟುಗಳು ಈ ದಾಖಲೆಯಿಂದ ಹುಟ್ಟುತ್ತವೆ. 'ಅರವತ್ತರಲ್ಲಿ ಇಪ್ಪತ್ತೆರಡು ಚೀಲ ಇಲ್ಲೇ ಹರಿದವು, ಇದು ನಮ್ಮ ತಪ್ಪು, ಹೀಗೆ ಸರಿಮಾಡಿದೆವು' ಎಂಬ ಪೋಸ್ಟನ್ನು ಎದುರಾಳಿ ಹೇಗೆ ನಕಲು ಮಾಡುತ್ತಾನೆ? ಅವನೂ ರಿಪೇರಿ ಮಾಡಬೇಕು, ಎಣಿಸಬೇಕು, ತನ್ನ ಚೀಲ ಹರಿಯುತ್ತದೆಂದು ಸಾರಬೇಕು. ಪ್ರತಿ ಋತುವಿಗೂ ಹೊಸ ಮಾಡೆಲ್ ಮಾರಿ ಬದುಕುವವನಿಗೆ ಈ ಮಾತು ಸ್ವಂತ ವ್ಯಾಪಾರದ ಬುಡಕ್ಕೇ ಏಟು.

ಪ್ಯಾಟಗೋನಿಯಾ ಕಂಪನಿ 2011ರ ನವೆಂಬರ್ 25ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ 'ಈ ಜಾಕೆಟ್ ಕೊಳ್ಳಬೇಡಿ' ಎಂದು ಪುಟದ ತುಂಬ ಜಾಹೀರಾತು ಕೊಟ್ಟದ್ದು ಅನೇಕರಿಗೆ ಗೊತ್ತು. ಆ ತಲೆಬರಹವನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಅದರ ಹಿಂದೆ ಬಟ್ಟೆ ರಿಪೇರಿ ಮಾಡಿಕೊಡುವ ಏರ್ಪಾಡು ಇಲ್ಲದವರು ಬರೆದಿದ್ದರೆ ಬರೀ ಚಮತ್ಕಾರವಾಗಿ ಉಳಿಯುತ್ತಿತ್ತು.

ಎಚ್ಚರಿಕೆ: ದಾಖಲೆಯನ್ನು ಪೋಸ್ಟಿಗಾಗಿ ತಿದ್ದಲು ಶುರುಮಾಡಿದರೆ, ಚೆಂದದ ರಿಪೇರಿಗಳನ್ನು ಮಾತ್ರ ಬರೆದುಕೊಳ್ಳುತ್ತಿದ್ದರೆ, ಅದು ಮತ್ತೆ ಬರೀ ಶೈಲಿಯೇ ಆಗುತ್ತದೆ. ರಿಪೇರಿಯಾಗದೆ ವಾಪಸ್ ಹೋದ ಚೀಲಕ್ಕೂ ಒಂದು ಸಾಲು ಇರಲಿ.

ಇಂಥ ದಾಖಲೆ ನಿಮ್ಮಲ್ಲಿ ಇಲ್ಲದಿದ್ದರೆ ಹುಡುಕಬೇಕಾದ ಜಾಗ ಮೂರು: ವಾಪಸ್ ಬಂದ ಮಾಲು, ಗಿರಾಕಿಗಳು ಕೊಳ್ಳುವ ಮೊದಲು ಕೇಳಿದ ಪ್ರಶ್ನೆಗಳು, ನೀವು ಮಾಡಿ ನೋಡಿ ಕೈಬಿಟ್ಟ ಮಾದರಿಗಳು. ದಾಖಲೆ ಗಟ್ಟಿಯಾಗಲು ಮೂರು ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ಹಳೆಯ ಸರಣಿ ನಡೆಯುತ್ತಿರಲಿ.

## ಹಂತ 6: ಕ್ಯಾಂಪೇನನ್ನು ತಿರುವು ಮುರುವಾಗಿ ಕಟ್ಟಿ

ಹೆಚ್ಚಿನವರು ಮೊದಲು ಘೋಷಿಸಿ ಆಮೇಲೆ ತಯಾರಿ ಮಾಡುತ್ತಾರೆ. ಮೂರು ವಾರ ಮೊದಲೇ ಟೀಸರ್ ಬಿಡುತ್ತಾರೆ. ಕೈ ಬೇಗ ಓಡುವ ಎದುರಾಳಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಮೊದಲು ನಿಮ್ಮ ಸಾಮರ್ಥ್ಯದ ಲೆಕ್ಕ ಹಾಕಿ. ಚೀಲದವರಲ್ಲಿ ಹೊಲಿಯುವವರೊಬ್ಬರು ವಾರಕ್ಕೆ ಎರಡು ದಿನ ರಿಪೇರಿಗೆ ಕೂರಬಲ್ಲರು, ದಿನಕ್ಕೆ ಆರು ಚೀಲ. ನಾಲ್ಕು ವಾರಕ್ಕೆ ನಲವತ್ತೆಂಟು. ಎಂಟನ್ನು ಹಠಮಾರಿ ಕೇಸುಗಳಿಗೆ ಬಿಟ್ಟು ನಲವತ್ತನ್ನು ಮಾತ್ರ ಘೋಷಿಸುವುದು. ಎರಡನೆಯದು, ಹತ್ತು ಹಳೆಯ ಗಿರಾಕಿಗಳ ಜೊತೆ ಸದ್ದಿಲ್ಲದೆ ನಡೆಸಿ ನೋಡುವುದು. ಎಷ್ಟು ದಿನ ಹಿಡಿಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ, ಆ ಹತ್ತರ ವಿಡಿಯೊಗಳೂ ಕೈಯಲ್ಲಿರುತ್ತವೆ. ಘೋಷಣೆ ಮೂರನೆಯದು. ಟೀಸರ್ ಬೇಡ, ಮೊದಲ ಮೂರು ದಿನದಲ್ಲೇ ಆ ಹತ್ತೂ ಕಥೆಗಳನ್ನು ಬಿಡುಗಡೆ ಮಾಡಿ.

ಕೊನೆಗೆ, ತಿಂಗಳುಗಳು ಉರುಳಿದ ಮೇಲಷ್ಟೇ ಪೂರ್ತಿಯಾಗುವ ಒಂದು ಭಾಗವನ್ನು ಕ್ಯಾಂಪೇನಿನೊಳಗೆ ಹೊಲಿದುಬಿಡಿ. ರಿಪೇರಿಯಾದ ಪ್ರತಿ ಚೀಲಕ್ಕೂ ಸಂಖ್ಯೆಯ ಸಣ್ಣ ಪಟ್ಟಿ, ಆರು ತಿಂಗಳ ನಂತರ ಅದೇ ಚೀಲದ ಸ್ಥಿತಿ ಏನೆಂದು ಮತ್ತೊಂದು ವಿಡಿಯೊ. ಎದುರಾಳಿ ಇವತ್ತೇ ಶುರುಮಾಡಿದರೂ ಆ ವಿಡಿಯೊ ಅವನಿಗೆ ಸಿಗುವುದು ಆರು ತಿಂಗಳಾದ ಮೇಲೆಯೇ.

## ಹಂತ 7: ತೊಂಬತ್ತು ದಿನಕ್ಕೆ ಮತ್ತೆ ಅಳೆಯಿರಿ

ಹೊಸ ನಲವತ್ತು ಜನರೊಂದಿಗೆ ಮೂರನೇ ಹಂತದ ಪರೀಕ್ಷೆಯನ್ನೇ ಮಾಡಿ. ಹಳೆಯವರನ್ನೇ ಕೇಳಿದರೆ ಅವರು ಕಳೆದ ಸಲದ ಉತ್ತರವನ್ನು ನೆನಪಿಟ್ಟಿರುತ್ತಾರೆ. ಜೊತೆಗೆ ಸರ್ಚ್ ಕನ್ಸೋಲಿನಲ್ಲಿ ನಿಮ್ಮ ಹೆಸರು ಹಿಡಿದು ಹುಡುಕಿದವರ ಸಂಖ್ಯೆ ನೋಡಿ.

ಪರೀಕ್ಷೆಗೆ ಕಾಯದೆ ಗಮನಿಸಬೇಕಾದ ಲಕ್ಷಣಗಳೂ ಇವೆ. ವಿಡಿಯೊ ನೋಡುವವರು ಹೆಚ್ಚುತ್ತಿದ್ದು ಹೆಸರಿನ ಹುಡುಕಾಟ ಅಲ್ಲೇ ನಿಂತಿದ್ದರೆ ನಿಮ್ಮ ವಿಡಿಯೊ ಬೇರೆಯವರ ಖಾತೆಗೆ ಜಮೆಯಾಗುತ್ತಿದೆ, ನಾಲ್ಕನೇ ಹಂತಕ್ಕೆ ಹಿಂತಿರುಗಿ. ಎದುರಾಳಿಯ ಆಫರ್ ಬಗ್ಗೆ ಗಿರಾಕಿಗಳು ನಿಮ್ಮನ್ನು ಕೇಳತೊಡಗಿದರೆ ವಿಷಯ ಅನುಕರಣೆಯಿಂದ ಗೊಂದಲಕ್ಕೆ ದಾಟಿದೆ, ಎರಡನೇ ಹಂತದ ವಕೀಲರ ದಾರಿ ನೋಡಿ. ನಿಮ್ಮ ವಾರದ ಮೀಟಿಂಗ್ ಎದುರಾಳಿಯ ಪೋಸ್ಟ್ ನೋಡುವುದರಿಂದಲೇ ಶುರುವಾಗುತ್ತಿದ್ದರೆ, ಈಗ ಯಾರು ಯಾರನ್ನು ನಕಲು ಮಾಡುತ್ತಿದ್ದಾರೆ ಎಂದು ಒಮ್ಮೆ ಕೇಳಿಕೊಳ್ಳಿ. ಅವರ ಖಾತೆಯನ್ನು ಒಬ್ಬರೇ ನೋಡಲಿ, ಅದೂ ತಿಂಗಳಿಗೊಮ್ಮೆ.

ಈ ದಾರಿ ಕೆಲಸ ಮಾಡದ ಒಂದು ಸಂದರ್ಭವಿದೆ. ಎದುರಾಳಿ ನಿಜವಾಗಿಯೇ ರಿಪೇರಿ ವಿಭಾಗ ತೆರೆದು, ಎಣಿಸಿ, ತನ್ನ ದೋಷಗಳನ್ನು ಹೇಳತೊಡಗಿದರೆ ಅದು ನಕಲಲ್ಲ, ಸ್ಪರ್ಧೆ. ಎಣಿಕೆಯಲ್ಲಿ ಅವನು ನಿಮ್ಮನ್ನು ದಾಟುವುದು ಖಂಡಿತ, ಏಕೆಂದರೆ ಅವನಿಗೆ ಬರುವ ಚೀಲಗಳೇ ಹೆಚ್ಚು. ಆಗ ಎಲ್ಲ ಚೀಲಗಳ ಬಗ್ಗೆ ಮಾತಾಡುವುದನ್ನು ಬಿಟ್ಟು, ನಿಮ್ಮ ದಾಖಲೆಯಲ್ಲಿ ಅತಿ ಹೆಚ್ಚು ನಮೂದುಗಳಿರುವ ಒಂದೇ ಬಗೆಯ ಬಳಕೆದಾರರನ್ನು ಆರಿಸಿ. ದಿನವೂ ಭಾರದ ಕ್ಯಾಮೆರಾ ಹೊತ್ತು ತಿರುಗುವವರು ಎಂದಿಟ್ಟುಕೊಳ್ಳಿ. ಮುಂದಿನ ಮೂರು ತಿಂಗಳು ಅವರ ಚೀಲಗಳದ್ದೇ ದಾಖಲೆ, ಅವರದ್ದೇ ಸರಣಿ, ಪರೀಕ್ಷೆಯ ನಲವತ್ತು ಜನರೂ ಅವರೊಳಗಿಂದಲೇ.